ಫ್ರೀಲಾನ್ಸ್ ಡಿಸೈನರ್‌ಗೆ ಬ್ರ್ಯಾಂಡ್ ಕೆಲಸ ಒಪ್ಪಿಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರ್ಯಾಂಡ್ ಕೆಲಸದಲ್ಲಿ ಬರುವ ಜಗಳಗಳಲ್ಲಿ ಹೆಚ್ಚಿನವು ‘ಇದೂ ಸೇರಿದೆ ಅಂದ್ಕೊಂಡಿದ್ವಿ’ ಅನ್ನುವ ಒಂದು ಮಾತಿನಿಂದ ಶುರುವಾಗುತ್ತವೆ. ಏನೇನು ಕೊಡಬೇಕು, ಎಷ್ಟು ಸಲ ತಿದ್ದಬೇಕು, ಎಷ್ಟು ಹಣ, ಯಾವಾಗ ಹಣ ಅನ್ನುವುದನ್ನು ಬೇರೆ ಬೇರೆ ದಿನ, ಬೇರೆ ಬೇರೆ ಫೋನ್ ಮಾತಿನಲ್ಲಿ ಮುಗಿಸಿದಾಗ ಹೀಗಾಗುತ್ತದೆ. ಈ ನಾಲ್ಕೂ ಒಂದೇ ಲೆಕ್ಕಕ್ಕೆ ಸೇರಿದವು. ಒಂದನ್ನು ಬದಲಿಸಿದರೆ ಉಳಿದ ಮೂರನ್ನೂ ಮತ್ತೆ ನೋಡಬೇಕಾಗುತ್ತದೆ. ಇವನ್ನೆಲ್ಲ ಒಟ್ಟಿಗೆ ಬರೆದು ಡಿಸೈನರ್‌ಗೆ ಕೊಡುವ ದಾಖಲೆಯೇ ಬ್ರೀಫ್.

ಉತ್ತರಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ. ಇಬ್ಬರು ಪಾಲುದಾರರು ಸೇರಿ ಸೋಪು ತಯಾರಿಸುವ ಸಣ್ಣ ಉದ್ಯಮ ಶುರು ಮಾಡುತ್ತಿದ್ದಾರೆ ಅಂದುಕೊಳ್ಳಿ. ಮೂರು ಬಗೆಯ ಸೋಪು, ಮೊದಲ ಮಾರಾಟ ಆನ್‌ಲೈನ್‌ನಲ್ಲಿ. ಹೆಸರು ಗಟ್ಟಿಯಾಗಿದೆ, ಲೋಗೋ ಇನ್ನೂ ಇಲ್ಲ. ಹಣದ ಮೊತ್ತ ಬರೆಯುವ ಬದಲು ಒಟ್ಟು ಬಜೆಟ್ಟನ್ನು 100 ಪಾಲು ಅಂತ ಹಿಡಿದಿದ್ದೇನೆ. ನಿಮ್ಮ ಮೊತ್ತ ಎಷ್ಟೇ ಇರಲಿ, ಇದೇ ರೀತಿ ಹಂಚಿ ನೋಡಬಹುದು.

### ಬ್ರೀಫ್ ಬರೆಯಲು ಎಲ್ಲಿಂದ ಶುರು ಮಾಡಬೇಕು?

ಮುಂದಿನ 6 ತಿಂಗಳಲ್ಲಿ ಜನ ನಿಮ್ಮ ಬ್ರ್ಯಾಂಡನ್ನು ಎಲ್ಲೆಲ್ಲಿ ನೋಡುತ್ತಾರೆ ಅಂತ ಒಂದು ಪಟ್ಟಿ ಮಾಡಿ. ಲೋಗೋ ಯಾವ ಬಣ್ಣದಲ್ಲಿರಬೇಕು, ಎಲೆ ಇರಬೇಕಾ ಹನಿ ಇರಬೇಕಾ ಅನ್ನುವ ಮಾತೆಲ್ಲ ಆಮೇಲೆ. ಸೋಪಿನ ಉದಾಹರಣೆಯಲ್ಲಿ ಜನ ನೋಡುವ ಜಾಗಗಳು ಇಷ್ಟೇ: ಸೋಪಿಗೆ ಸುತ್ತುವ ಲೇಬಲ್, ಮಾರಾಟದ ಪುಟ, ಸೋಷಿಯಲ್ ಮೀಡಿಯಾ, ಕೊರಿಯರ್ ಡಬ್ಬದ ಮೇಲೆ ಒಂದು ಸ್ಟಿಕ್ಕರ್. ಅಂಗಡಿ ಬೋರ್ಡ್ ಇಲ್ಲ, ವಾಹನ ಇಲ್ಲ, ಸಮವಸ್ತ್ರ ಇಲ್ಲ. ಹಾಗಾದರೆ ಅವಕ್ಕೆ ಈಗ ದುಡ್ಡು ಹಾಕುವುದು ಯಾಕೆ?

ಪ್ರತಿ ಜಾಗದ ಪಕ್ಕದಲ್ಲಿ ಅಲ್ಲಿ ಲೋಗೋ ಎಷ್ಟು ಚಿಕ್ಕದಾಗಿ ಬರುತ್ತದೆ ಅಂತಲೂ ಬರೆಯಿರಿ. ಇದನ್ನು ಬರೆಯುವವರು ಕಡಿಮೆ, ಆದರೆ ಡಿಸೈನರ್‌ಗೆ ಇಷ್ಟು ಉಪಯೋಗಕ್ಕೆ ಬರುವ ಸಾಲು ಬ್ರೀಫ್‌ನಲ್ಲಿ ಇನ್ನೊಂದಿಲ್ಲ. ಸೋಪಿನ ಬದಿಯಲ್ಲಿ 15 ಮಿಲಿಮೀಟರ್ ಅಗಲ, ಬ್ರೌಸರ್ ಟ್ಯಾಬ್‌ನಲ್ಲಿ 16 ಪಿಕ್ಸೆಲ್ ಅಂತ ಮೊದಲೇ ಗೊತ್ತಿದ್ದರೆ ಅವರು ಕೂದಲೆಳೆಯಂಥ ಗೆರೆಗಳಿರುವ ಚಿತ್ರ ಬರೆಯುವುದಿಲ್ಲ. ಗೊತ್ತಿಲ್ಲದಿದ್ದರೆ ದೊಡ್ಡ ಸ್ಕ್ರೀನ್ ಮೇಲೆ ಚೆಂದ ಕಾಣುವ ಲೋಗೋ ಬರುತ್ತದೆ. ಅದು ಲೇಬಲ್ ಮೇಲೆ ಕಲೆಯ ಹಾಗೆ ಕಾಣುತ್ತದೆ ಅಂತ ತಿಳಿಯುವ ಹೊತ್ತಿಗೆ ತಿದ್ದುವ ರೌಂಡ್‌ಗಳು ಮುಗಿದಿರುತ್ತವೆ.

### ‘ಲೋಗೋ ಮತ್ತು ಬ್ರ್ಯಾಂಡಿಂಗ್’ ಅಂತ ಬರೆದರೆ ಸಾಲದೇ?

ಸಾಲದು. ‘ಬ್ರ್ಯಾಂಡಿಂಗ್’ ಅಂದರೆ ಒಬ್ಬರ ಮನಸ್ಸಿನಲ್ಲಿ ಲೋಗೋ ಮತ್ತು ಎರಡು ಬಣ್ಣ, ಇನ್ನೊಬ್ಬರ ಮನಸ್ಸಿನಲ್ಲಿ ವೆಬ್‌ಸೈಟ್‌ವರೆಗೂ ಎಲ್ಲವೂ. ಎಣಿಸಲು ಬರುವ ಹಾಗೆ ಬರೆಯಿರಿ. ಸೋಪಿನವರ ಪಟ್ಟಿ ಹೀಗಿರಬಹುದು:

> ಲೋಗೋ 1: ಪೂರ್ಣ ರೂಪ, ಹೆಸರಿಲ್ಲದ ಚಿಹ್ನೆ ಮಾತ್ರ, ಒಂದೇ ಬಣ್ಣದ ರೂಪ.
> ಲೇಬಲ್ 3: ಒಂದು ಮೂಲ ವಿನ್ಯಾಸ, ಅದರ ಮೇಲೆ ಉಳಿದ ಎರಡು ಬಗೆ. ಅಳತೆ ಮುದ್ರಕರು ಕೊಟ್ಟ ನಕ್ಷೆಯಂತೆ.
> ಸೋಷಿಯಲ್ ಮೀಡಿಯಾ ಟೆಂಪ್ಲೇಟ್ 4: ನಾವೇ ಫೋಟೋ ಮತ್ತು ಅಕ್ಷರ ಬದಲಿಸಲು ಆಗಬೇಕು.
> ಬಳಕೆಯ ಸೂಚನೆ 1: 4 ಪುಟದ ಪಿಡಿಎಫ್.
> ಸೇರಿಲ್ಲ: ವೆಬ್‌ಸೈಟ್, ಫೋಟೋ ತೆಗೆಯುವುದು, ಲೇಬಲ್‌ನ ಮಾತು ಬರೆಯುವುದು, ಮುದ್ರಣದ ಖರ್ಚು, ಟ್ರೇಡ್‌ಮಾರ್ಕ್ ಹುಡುಕಾಟ.

ಕೊನೆಯ ಸಾಲನ್ನು ಬಿಡಲೇಬೇಡಿ. ಏನು ಸೇರಿಲ್ಲ ಅಂತ ಬರೆದಾಗಲೇ ‘ಅಯ್ಯೋ, ಅದನ್ನು ನೀವು ಮಾಡಲ್ವಾ?’ ಅನ್ನುವ ಪ್ರಶ್ನೆ ಮೊದಲ ವಾರದಲ್ಲೇ ಹೊರಗೆ ಬರುತ್ತದೆ. ಆಗ ಅದಕ್ಕೊಂದು ದಾರಿ ಹುಡುಕಲು ಸಮಯ ಇರುತ್ತದೆ.

ಸ್ಟಿಕ್ಕರ್ ಪಟ್ಟಿಯಲ್ಲಿ ಇಲ್ಲದಿರುವುದನ್ನು ಗಮನಿಸಿ. ಒಂದೇ ಬಣ್ಣದ ಲೋಗೋ ಕೈಯಲ್ಲಿದ್ದರೆ ಸ್ಟಿಕ್ಕರ್ ಮುದ್ರಿಸುವವರು ಅದನ್ನು ನೇರವಾಗಿ ಬಳಸುತ್ತಾರೆ. ಬೇರೆ ವಿನ್ಯಾಸ ಬೇಕಾಗುವುದಿಲ್ಲ.

### ಯಾವ ಯಾವ ಫೈಲ್ ಕೇಳಬೇಕು? ನಮಗೆ ತಾಂತ್ರಿಕ ವಿಷಯ ಅಷ್ಟಾಗಿ ಗೊತ್ತಿಲ್ಲ.

ಮೂರು ಉಪಯೋಗಗಳನ್ನು ನೆನಪಿಟ್ಟುಕೊಂಡರೆ ಸಾಕು: ಮುದ್ರಣ, ಸ್ಕ್ರೀನ್, ಒಂದೇ ಬಣ್ಣ. ಮುದ್ರಣಕ್ಕೆ ಸಿಎಂವೈಕೆ ಬಣ್ಣದಲ್ಲಿ ಪಿಡಿಎಫ್. ಸ್ಕ್ರೀನಿಗೆ ಆರ್‌ಜಿಬಿ ಬಣ್ಣದಲ್ಲಿ ಎಸ್‌ವಿಜಿ, ಜೊತೆಗೆ ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ. ಒಂದೇ ಬಣ್ಣದಲ್ಲಿ ಕಪ್ಪು ಮತ್ತು ಬಿಳಿ. ಫೋಲ್ಡರ್ ಹೇಗಿರಬೇಕು ಅಂತ ಬ್ರೀಫ್‌ನಲ್ಲೇ ಹಾಕಿಬಿಡಿ:

```
logo/print-cmyk/logo-full.pdf
logo/screen-rgb/logo-full.svg
logo/screen-rgb/logo-full.png
logo/one-colour/logo-black.svg
logo/one-colour/logo-white.svg
labels/label-01-print.pdf
```

ಲೋಗೋ ವೆಕ್ಟರ್ ಆಗಿರಬೇಕು. ಅಂದರೆ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯಬಾರದು. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಎಸ್‌ವಿಜಿ ಫೈಲನ್ನು ಬ್ರೌಸರ್‌ನಲ್ಲಿ ತೆರೆದು ಎಷ್ಟಾಗುತ್ತದೋ ಅಷ್ಟು ಜೂಮ್ ಮಾಡಿ. ಅಂಚು ಮಸುಕಾದರೆ ಒಳಗೆ ಬರೀ ಒಂದು ಫೋಟೋ ಕೂತಿದೆ ಅಂತ ಅರ್ಥ. ಇನ್ನೂ ಅನುಮಾನ ಇದ್ದರೆ ಅದೇ ಫೈಲನ್ನು ನೋಟ್‌ಪ್ಯಾಡ್‌ನಂಥ ಪ್ರೋಗ್ರಾಮಿನಲ್ಲಿ ತೆರೆಯಿರಿ. ಸಾಮಾನ್ಯವಾಗಿ `<path` ಅನ್ನುವ ಪದ ಹಲವು ಕಡೆ ಕಾಣಬೇಕು. ಅದರ ಬದಲು `<image` ಕಂಡು, ಅದರ ಹಿಂದೆ ಅರ್ಥವಿಲ್ಲದ ಅಕ್ಷರಗಳ ದೊಡ್ಡ ರಾಶಿ ಇದ್ದರೆ ಫೈಲ್ ವಾಪಸ್ ಕಳಿಸಿ. ಕೊನೆಯ ಕಂತು ಕೊಡುವ ಮೊದಲು ಇಷ್ಟು ನೋಡಿಕೊಳ್ಳುವುದು ನಿಮ್ಮ ಹಕ್ಕು. ಇದಕ್ಕೆ ರಿವಿಷನ್ ಲೆಕ್ಕ ಬರುವುದಿಲ್ಲ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಸ್ಕ್ರೀನ್ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಮುದ್ರಣ ಇಂಕಿನಿಂದ. ಹೊಳೆಯುವ ಹಸಿರು, ಗಾಢ ಕಿತ್ತಳೆ, ಮಿಂಚುವ ನೀಲಿ ಇವೆಲ್ಲ ಕಾಗದದ ಮೇಲೆ ಸ್ವಲ್ಪ ಮಂಕಾಗಿಯೇ ಬರುತ್ತವೆ. ಇದು ಡಿಸೈನರ್ ತಪ್ಪಲ್ಲ. ಬಣ್ಣ ಒಪ್ಪುವ ಮೊದಲು ನಿಮ್ಮ ಲೇಬಲ್‌ನದೇ ಕಾಗದದ ಮೇಲೆ ಒಂದು ಪ್ರೂಫ್, ಅಂದರೆ ಮಾದರಿ ಮುದ್ರಣ, ತೆಗೆಸಿ ನೋಡಿ. ಅದರ ಖರ್ಚು ನಿಮ್ಮದು ಅಂತ ಬ್ರೀಫ್‌ನಲ್ಲಿ ಬರೆಯಿರಿ.

### ಡಿಸೈನರ್ ಕೆಲಸ ಮಾಡಿದ ಮೂಲ ಫೈಲ್ ನಮಗೇ ಸೇರಬೇಕಲ್ವಾ?

ಕೇಳಿದರೆ ಸೇರುತ್ತದೆ, ಕೇಳದಿದ್ದರೆ ತಾನಾಗಿ ಸೇರುವುದಿಲ್ಲ. ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್ ಬೇರೆ, ಪದರ ಪದರವಾಗಿ ತಿದ್ದಲು ಬರುವ ಮೂಲ ಫೈಲ್ ಬೇರೆ. ಹಲವು ಡಿಸೈನರ್‌ಗಳು ಎರಡನೆಯದಕ್ಕೆ ಬೇರೆ ಬೆಲೆ ಹೇಳುತ್ತಾರೆ. ಅದು ನ್ಯಾಯವೇ. ಮುಂದಿನ ಬದಲಾವಣೆಗಳನ್ನು ಬೇರೆಯವರ ಕೈಯಲ್ಲಿ ಮಾಡಿಸುವ ಅವಕಾಶವನ್ನು ಅವರು ನಿಮಗೆ ಬಿಟ್ಟುಕೊಡುತ್ತಿದ್ದಾರೆ.

ನನ್ನ ಸಲಹೆ: ಲೇಬಲ್‌ನ ಮೂಲ ಫೈಲ್ ಖಂಡಿತ ಕೇಳಿ. ತೂಕ, ದಿನಾಂಕ, ಪದಾರ್ಥಗಳ ಪಟ್ಟಿ ಬದಲಾಗುತ್ತಲೇ ಇರುತ್ತವೆ. ಲೋಗೋ ವಿಷಯದಲ್ಲಿ ವೆಕ್ಟರ್ ಪಿಡಿಎಫ್ ಮತ್ತು ಎಸ್‌ವಿಜಿ ಇದ್ದರೆ ಬಹುತೇಕ ಸಾಕಾಗುತ್ತದೆ.

### ಫಾಂಟ್‌ಗೆ ಯಾರು ದುಡ್ಡು ಕೊಡಬೇಕು?

ನೀವು. ಡಿಸೈನರ್ ತಮ್ಮ ಹೆಸರಿನಲ್ಲಿ ಕೊಂಡ ಫಾಂಟನ್ನು ನಿಮಗೆ ಕಳಿಸಲು ಸಾಮಾನ್ಯವಾಗಿ ಲೈಸೆನ್ಸ್ ಬಿಡುವುದಿಲ್ಲ. ಕಂಪ್ಯೂಟರ್ ಬಳಕೆಗೆ ಒಂದು ಲೈಸೆನ್ಸ್, ವೆಬ್‌ಸೈಟಿಗೆ ಇನ್ನೊಂದು ಅಂತ ಬೇರೆ ಬೇರೆ ಇರುವುದೂ ಉಂಟು. ಬಜೆಟ್ ಕಡಿಮೆ ಇದ್ದರೆ ‘ಓಪನ್ ಫಾಂಟ್ ಲೈಸೆನ್ಸ್ ಇರುವ ಫಾಂಟ್ ಮಾತ್ರ’ ಅಂತ ಬರೆಯಿರಿ. ಅವನ್ನು ವ್ಯಾಪಾರದ ಕೆಲಸಕ್ಕೂ ಹಣ ಕೊಡದೆ ಬಳಸಬಹುದು. ಲೇಬಲ್‌ನಲ್ಲಿ ಎರಡು ಲಿಪಿ ಬರುವುದಾದರೆ ಅದನ್ನೂ ಮೊದಲೇ ಹೇಳಿ. ಒಂದು ಲಿಪಿಗೆ ಆರಿಸಿದ ಫಾಂಟ್ ಇನ್ನೊಂದರಲ್ಲಿ ಇಲ್ಲದಿರಬಹುದು, ಇದ್ದರೂ ಎರಡರ ಅಕ್ಷರದ ದಪ್ಪ ಒಂದಕ್ಕೊಂದು ಹೊಂದದಿರಬಹುದು.

### ಒಂದು ‘ರಿವಿಷನ್ ರೌಂಡ್’ ಅಂದರೆ ನಿಜವಾಗಿ ಏನು?

ಮೂರು ರೌಂಡ್ ಅಂತ ಇಬ್ಬರೂ ಒಪ್ಪಿರುತ್ತಾರೆ, ಆದರೆ ರೌಂಡ್ ಅಂದರೇನು ಅಂತ ಯಾರೂ ಬರೆದಿರುವುದಿಲ್ಲ. ಬೆಳಿಗ್ಗೆ ಒಬ್ಬ ಪಾಲುದಾರರು ‘ಹೆಸರು ಸ್ವಲ್ಪ ದೊಡ್ಡದು ಮಾಡಿ’ ಅಂತ ಮೆಸೇಜ್ ಹಾಕುತ್ತಾರೆ. ಸಂಜೆ ಇನ್ನೊಬ್ಬರು ‘ಹಸಿರು ಬೇಡ’ ಅನ್ನುತ್ತಾರೆ. ಮರುದಿನ ‘ಮೊದಲಿದ್ದ ಅಳತೆಯೇ ಚೆನ್ನಾಗಿತ್ತು’ ಅಂತ ಬರುತ್ತದೆ. ಡಿಸೈನರ್ ಲೆಕ್ಕದಲ್ಲಿ ಮೂರು ರೌಂಡ್ ಮುಗಿದವು. ಪಾಲುದಾರರ ಲೆಕ್ಕದಲ್ಲಿ ಒಂದು ರೌಂಡೂ ಆಗಿಲ್ಲ, ಸುಮ್ನೆ ಮಾತಾಡಿದ್ದು ಅಷ್ಟೇ.

ಹಾಗಾಗಿ ಬ್ರೀಫ್‌ನಲ್ಲಿ ಹೀಗೆ ಬರೆಯಿರಿ: ‘ಒಂದು ರೌಂಡ್ ಅಂದರೆ ನಮ್ಮ ಕಡೆಯ ಎಲ್ಲರ ಅಭಿಪ್ರಾಯವನ್ನೂ ಸೇರಿಸಿ ಒಬ್ಬರೇ ವ್ಯಕ್ತಿ ಒಂದೇ ದಾಖಲೆಯಲ್ಲಿ ಕಳಿಸುವುದು, ಅದಕ್ಕೆ ಡಿಸೈನರ್ ತಿದ್ದಿದ ಒಂದು ರೂಪ ಕೊಡುವುದು.’ ಮೆಸೇಜ್‌ನಲ್ಲಿ ಬಂದ ಬಿಡಿ ಮಾತುಗಳನ್ನು ಡಿಸೈನರ್ ಓದಬಹುದು, ಆದರೆ ದಾಖಲೆ ಬರುವವರೆಗೆ ಕೆಲಸ ಶುರು ಮಾಡಬೇಕಿಲ್ಲ.

ಇದರ ಜೊತೆಗೆ ಇನ್ನೆರಡು ಸಂಗತಿಗಳನ್ನು ಬೇರೆ ಮಾಡಿಡಿ. ಅಕ್ಷರ ತಪ್ಪು, ಅಳತೆ ತಪ್ಪು, ತೆರೆಯದ ಫೈಲ್ ಇವು ಡಿಸೈನರ್ ಕಡೆಯ ದೋಷ. ಇವನ್ನು ಸರಿ ಮಾಡುವುದಕ್ಕೆ ರೌಂಡ್ ಖರ್ಚಾಗಬಾರದು. ಇನ್ನೊಂದು ಕಡೆ, ಒಪ್ಪಿದ ದಿಕ್ಕನ್ನೇ ಬಿಟ್ಟು ಬೇರೆ ಕಡೆ ಹೋಗುವುದು ರಿವಿಷನ್ ಅಲ್ಲ, ಹೊಸ ಕೆಲಸ. ಅಕ್ಷರವೇ ಮುಖ್ಯವಾದ ಲೋಗೋ ಒಪ್ಪಿದ ಮೇಲೆ ‘ಒಂದು ಮುಖದ ಚಿತ್ರ ಇದ್ದರೆ ಹೇಗೆ?’ ಅಂತ ಕೇಳಿದರೆ ಅದಕ್ಕೆ ಬೇರೆ ಬೆಲೆ, ಬೇರೆ ದಿನ. ಇವೆರಡರ ನಡುವೆ ಇರುವುದು ಮಾತ್ರ ರಿವಿಷನ್.

### ಎಷ್ಟು ರೌಂಡ್ ಇಟ್ಟುಕೊಳ್ಳಬೇಕು?

ಇಡೀ ಯೋಜನೆಗೆ ಒಂದು ಸಂಖ್ಯೆ ಇಡಬೇಡಿ. ಹಂತಕ್ಕೊಂದು ಇಡಿ. ಸೋಪಿನ ಕೆಲಸಕ್ಕೆ ನಾನಾದರೆ ಹೀಗೆ ಹಂಚುತ್ತೇನೆ. ಮೊದಲು ಡಿಸೈನರ್ ಲೋಗೋಗೆ ಎರಡು ಕಾನ್ಸೆಪ್ಟ್, ಅಂದರೆ ಎರಡು ಬೇರೆ ಬೇರೆ ಕಲ್ಪನೆ ತೋರಿಸುತ್ತಾರೆ, ಪಾಲುದಾರರು ಒಂದನ್ನು ಆರಿಸುತ್ತಾರೆ. ಆರಿಸಿದ್ದನ್ನು ಹದ ಮಾಡಲು 2 ರೌಂಡ್. ಮೂಲ ಲೇಬಲ್‌ಗೆ 2 ರೌಂಡ್. ಉಳಿದ ಎರಡು ಲೇಬಲ್‌ಗೆ ಸೇರಿ 1 ರೌಂಡ್, ಯಾಕೆಂದರೆ ಅಲ್ಲಿ ಬದಲಾಗುವುದು ಬಣ್ಣ ಮತ್ತು ಹೆಸರು ಮಾತ್ರ. ಟೆಂಪ್ಲೇಟ್‌ಗೆ 1, ಸೂಚನೆಯ ಪಿಡಿಎಫ್‌ಗೆ 1.

ಹೀಗೆ ಹಂಚಿದರೆ ಲೋಗೋದಲ್ಲೇ ಎಲ್ಲ ರೌಂಡ್ ಖರ್ಚಾಗಿ ಲೇಬಲ್‌ಗೆ ಏನೂ ಉಳಿಯದ ಸ್ಥಿತಿ ಬರುವುದಿಲ್ಲ. ಒಂದು ಹಂತ ಒಪ್ಪಿದ ಮೇಲೆ ಆ ಹಂತಕ್ಕೆ ಬೀಗ ಬಿದ್ದಂತೆ. ಲೇಬಲ್ ನಡೆಯುವಾಗ ಮತ್ತೆ ಲೋಗೋ ಬದಲಿಸಬೇಕೆಂದರೆ ಅದು ಹೆಚ್ಚುವರಿ ಕೆಲಸ. ಕಾರಣ ಇದೆ: ಅಷ್ಟೊತ್ತಿಗೆ ಲೇಬಲ್‌ನ ಅಳತೆ, ಅಂತರ ಎಲ್ಲವನ್ನೂ ಹಳೇ ಲೋಗೋದ ಮೇಲೆ ಕಟ್ಟಿರುತ್ತಾರೆ.

‘ಅನ್‌ಲಿಮಿಟೆಡ್ ರಿವಿಷನ್’ ಅನ್ನುವ ಮಾತಿಗೆ ನಾನು ವಿರುದ್ಧ. ಅಂಥ ಒಪ್ಪಂದದಲ್ಲಿ ಯಾರೂ ತೀರ್ಮಾನ ತೆಗೆದುಕೊಳ್ಳಬೇಕಾಗಿಲ್ಲ, ಹಾಗಾಗಿ ತೆಗೆದುಕೊಳ್ಳುವುದೂ ಇಲ್ಲ. ಡಿಸೈನರ್ ಕೂಡ ಮೊದಲ ಸಲವೇ ಯೋಚಿಸಿ ಕೊಡುವ ಬದಲು ‘ಇದನ್ನು ನೋಡಿ, ಇಲ್ಲಾಂದ್ರೆ ಅದು’ ಅಂತ ಬೇಗ ಬೇಗ ಕಳಿಸಲು ಶುರು ಮಾಡುತ್ತಾರೆ.

### ನಾವು ಇಬ್ಬರು ಪಾಲುದಾರರು. ಅಭಿಪ್ರಾಯ ಹೊಂದುತ್ತಿಲ್ಲ. ಡಿಸೈನರ್ ಯಾರ ಮಾತು ಕೇಳಬೇಕು?

ಬ್ರೀಫ್‌ನಲ್ಲಿ ಯಾರ ಹೆಸರಿದೆಯೋ ಅವರ ಮಾತು. ಒಬ್ಬರನ್ನು ಆರಿಸಿ ‘ಕೊನೆಯ ಒಪ್ಪಿಗೆ ಇವರದು’ ಅಂತ ಬರೆಯಿರಿ. ಚರ್ಚೆ ನಿಮ್ಮ ನಿಮ್ಮಲ್ಲೇ ಮುಗಿಯಲಿ. ಡಿಸೈನರ್‌ ಮುಂದೆ ಇಬ್ಬರೂ ವಾದ ಮಾಡಿದರೆ ಅವರು ಇಬ್ಬರಿಗೂ ಸ್ವಲ್ಪ ಸ್ವಲ್ಪ ಹಿಡಿಸುವ ಒಂದು ನಡುವಿನ ರೂಪ ಮಾಡುತ್ತಾರೆ. ಅದು ಹೆಚ್ಚಾಗಿ ಎರಡು ಕಾನ್ಸೆಪ್ಟ್‌ಗಿಂತಲೂ ದುರ್ಬಲವಾಗಿರುತ್ತದೆ. ಮನೆಯ ಹಿರಿಯರೋ ಹಣ ಹಾಕಿದ ಸ್ನೇಹಿತರೋ ನೋಡಬೇಕೆಂದಿದ್ದರೆ ಕಾನ್ಸೆಪ್ಟ್ ಹಂತದಲ್ಲೇ ತೋರಿಸಿ. ಲೇಬಲ್ ಮುದ್ರಣಕ್ಕೆ ಹೋಗುವ ಹಿಂದಿನ ದಿನ ತೋರಿಸಬೇಡಿ.

### ತಿದ್ದುಪಡಿ ಹೇಳುವಾಗ ಹೇಗೆ ಬರೆದರೆ ರೌಂಡ್ ಉಳಿಯುತ್ತದೆ?

ತೊಂದರೆ ಏನು ಅಂತ ಬರೆಯಿರಿ, ಪರಿಹಾರ ಅವರಿಗೆ ಬಿಡಿ. ‘ಇನ್ನೂ ಏನೋ ಬೇಕು’ ಅನ್ನುವುದರಿಂದ ಅವರಿಗೆ ಏನೂ ಸಿಗುವುದಿಲ್ಲ. ‘ಹೆಸರನ್ನು 20 ಶೇಕಡ ದೊಡ್ಡದು ಮಾಡಿ’ ಅಂದರೆ ಅವರು ಅಷ್ಟನ್ನೇ ಮಾಡುತ್ತಾರೆ, ನಿಜವಾದ ತೊಂದರೆ ಉಳಿದುಕೊಳ್ಳಬಹುದು. ಅದರ ಬದಲು ‘ಒಂದು ಮೀಟರ್ ದೂರದಿಂದ ನೋಡಿದರೆ ಮೂರು ಲೇಬಲ್‌ಗಳೂ ಒಂದೇ ಥರ ಕಾಣುತ್ತಿವೆ, ಯಾವುದು ಯಾವ ಸೋಪು ಅಂತ ಗೊತ್ತಾಗುತ್ತಿಲ್ಲ’ ಅಂತ ಬರೆದರೆ ಅವರಿಗೆ ಹತ್ತು ದಾರಿ ತೆರೆಯುತ್ತದೆ. ಬಣ್ಣ ಬದಲಿಸಬಹುದು, ಹೆಸರಿನ ಜಾಗ ಬದಲಿಸಬಹುದು, ಚಿತ್ರ ಬದಲಿಸಬಹುದು.

ಚೆನ್ನಾಗಿರುವುದನ್ನೂ ಹೆಸರಿಸಿ ಬರೆಯಿರಿ. ‘ಚಿಹ್ನೆ ಹೀಗೇ ಇರಲಿ’ ಅಂತ ಹೇಳದಿದ್ದರೆ ಮುಂದಿನ ರೂಪದಲ್ಲಿ ಅದೂ ಬದಲಾಗಿ ಬರಬಹುದು.

### ಲೇಬಲ್ ಕೆಲಸ ತಡವಾಗುವುದು ಹೆಚ್ಚಾಗಿ ಯಾಕೆ?

ನಿಮ್ಮ ಕಡೆಯಿಂದ ಹೋಗಬೇಕಾದದ್ದು ಹೋಗಿರುವುದಿಲ್ಲ. ಎರಡು ವಸ್ತುಗಳಿಲ್ಲದೆ ಲೇಬಲ್ ಶುರುವಾಗಬಾರದು. ಒಂದು, ಮುದ್ರಕರು ಕೊಡುವ ಡೈಲೈನ್. ಲೇಬಲ್ ಅಥವಾ ಡಬ್ಬವನ್ನು ಬಿಡಿಸಿಟ್ಟಾಗ ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಅಂತ ತೋರಿಸುವ ನಕ್ಷೆ ಅದು. ಅಂಚಿನವರೆಗೂ ಬಣ್ಣ ಬರಬೇಕಾದರೆ ಕತ್ತರಿಸುವ ಗೆರೆಯಾಚೆ ಸಾಮಾನ್ಯವಾಗಿ 3 ಮಿಲಿಮೀಟರ್ ಹೆಚ್ಚು ಬಿಡುತ್ತಾರೆ. ನಿಮ್ಮ ಮುದ್ರಕರು ಎಷ್ಟು ಕೇಳುತ್ತಾರೆ ಅಂತ ವಿಚಾರಿಸಿ. ಎರಡು, ಲೇಬಲ್ ಮೇಲೆ ಬರುವ ಕೊನೆಯ ಮಾತು: ಪದಾರ್ಥಗಳು, ತೂಕ, ವಿಳಾಸ, ಕಾನೂನು ಕೇಳುವ ಸಾಲುಗಳು, ಬಾರ್‌ಕೋಡ್.

ಮಾತನ್ನು ‘ಆಮೇಲೆ ಕೊಡ್ತೀವಿ’ ಅಂದರೆ ಡಿಸೈನರ್ ಖಾಲಿ ಜಾಗಕ್ಕೆ ಮೂರು ಸಾಲು ಊಹಿಸಿಕೊಳ್ಳುತ್ತಾರೆ. ಬರುವುದು ಹನ್ನೊಂದು ಸಾಲು. ಆಗ ಇಡೀ ವಿನ್ಯಾಸ ಕದಲುತ್ತದೆ, ಒಂದು ರೌಂಡ್ ಹೋಗುತ್ತದೆ. ಮಾತು ಸರಿಯಿದೆಯಾ ಅಂತ ನೋಡುವ ಜವಾಬ್ದಾರಿಯೂ ನಿಮ್ಮದೇ. ಮುದ್ರಣಕ್ಕೆ ಹೋಗುವ ಪಿಡಿಎಫ್ ಮೇಲೆ ನಿಮ್ಮ ಲಿಖಿತ ಒಪ್ಪಿಗೆ ಇರಬೇಕು.

### ಬಜೆಟ್ ಎಷ್ಟಿದೆ ಅಂತ ಮೊದಲೇ ಹೇಳಿದರೆ ಅಷ್ಟನ್ನೂ ತೆಗೆದುಕೊಳ್ಳುವುದಿಲ್ವಾ?

ಈ ಭಯ ಎಲ್ಲರಿಗೂ ಇದೆ, ಆದರೂ ಹೇಳುವುದೇ ಒಳ್ಳೆಯದು. ಬಜೆಟ್ ಗೊತ್ತಿಲ್ಲದಿದ್ದರೆ ಡಿಸೈನರ್ ತಮ್ಮ ಊಹೆಯ ಮೇಲೆ ಪಟ್ಟಿ ಮಾಡುತ್ತಾರೆ. ಬೆಲೆ ನೋಡಿ ನೀವು ‘ಕಡಿಮೆ ಮಾಡಿ’ ಅನ್ನುತ್ತೀರಿ, ಅವರು ಕಡಿಮೆ ಮಾಡುತ್ತಾರೆ, ಆದರೆ ಕೆಲಸದಲ್ಲಿ ಏನು ಕಡಿಮೆಯಾಯಿತು ಅಂತ ಯಾರೂ ಬರೆಯುವುದಿಲ್ಲ.

ರಕ್ಷಣೆ ಬೇಕಿದ್ದರೆ ಒಟ್ಟು ಮೊತ್ತದ ಬದಲು ಬಿಡಿ ಬಿಡಿ ಬೆಲೆ ಕೇಳಿ. ಸೋಪಿನ ಕೆಲಸ ಹೀಗೆ ಬಂದಿದೆ ಅಂದುಕೊಳ್ಳಿ: ಎರಡು ಕಾನ್ಸೆಪ್ಟ್‌ಗೆ 25 ಪಾಲು, ಲೋಗೋ ಹದ ಮಾಡಲು 20. ಮೂಲ ಲೇಬಲ್‌ಗೆ 18, ಉಳಿದ ಎರಡಕ್ಕೆ ತಲಾ 6. ಟೆಂಪ್ಲೇಟ್‌ಗೆ 10, ಸೂಚನೆಗೆ 10, ಫೈಲ್ ಜೋಡಿಸಿ ಕೊಡಲು 5. ಒಟ್ಟು 100.

ಈಗ ಕೈಯಲ್ಲಿ 80 ಪಾಲು ಮಾತ್ರ ಇದ್ದರೆ ಏನು ಬಿಡಬೇಕು ಅಂತ ಸುಲಭವಾಗಿ ಕಾಣುತ್ತದೆ. ಟೆಂಪ್ಲೇಟ್ ಈಗ ಬೇಡ, 10 ಉಳಿಯಿತು. ಸೂಚನೆ 4 ಪುಟದ ಬದಲು 1 ಪುಟ ಸಾಕು, ಸುಮಾರು 6 ಉಳಿಯಬಹುದು. ಶುರುವಿಗೆ ಎರಡೇ ಬಗೆ ಸೋಪು ಮಾರಾಟಕ್ಕೆ ತಂದರೆ ಇನ್ನೊಂದು 6. ಲೋಗೋದ ಪಾಲನ್ನು ಮುಟ್ಟದೆ 78ಕ್ಕೆ ಬಂದಿರಿ. ಸುಮ್ನೆ 20 ಶೇಕಡ ಕಡಿಮೆ ಮಾಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಫಾಂಟ್, ಕೊಳ್ಳುವ ಫೋಟೋ, ಪ್ರೂಫ್, ತೆರಿಗೆ, ಹಣ ಕಳಿಸುವ ಶುಲ್ಕ ಇವು ಈ 100ರಲ್ಲಿ ಸೇರಿವೆಯೇ ಇಲ್ಲವೇ ಅಂತ ಒಂದು ಸಾಲು ಬರೆಯಿರಿ. ಬೇರೆ ದೇಶದ ಡಿಸೈನರ್ ಆಗಿದ್ದರೆ ಯಾವ ಕರೆನ್ಸಿಯಲ್ಲಿ ಅಂತಲೂ ಬರೆಯಿರಿ.

### ಕಂತುಗಳನ್ನು ಹೇಗೆ ಹಂಚಿದರೆ ಇಬ್ಬರಿಗೂ ನ್ಯಾಯ?

ಅರ್ಧ ಮೊದಲು, ಅರ್ಧ ಕೊನೆಗೆ ಅನ್ನುವುದು ಚಿಕ್ಕ ಕೆಲಸಕ್ಕೆ ಸರಿ. ಕೆಲವು ವಾರ ನಡೆಯುವ ಕೆಲಸಕ್ಕೆ ನಾಲ್ಕು ಕಂತು ಒಳ್ಳೆಯದು. ಶುರುವಿಗೆ 30, ಲೋಗೋ ಒಪ್ಪಿದಾಗ 25, ಮೂರೂ ಲೇಬಲ್ ಒಪ್ಪಿದಾಗ 25, ಕೊನೆಯ ಫೈಲ್ ನೋಡಿ ಒಪ್ಪಿದಾಗ 20.

ಇದು ನ್ಯಾಯವೇ ಅಂತ ನೋಡಲು ಪ್ರತಿ ಹಂತದಲ್ಲೂ ಆದ ಕೆಲಸ ಮತ್ತು ಕೊಟ್ಟ ಹಣವನ್ನು ಪಕ್ಕ ಪಕ್ಕ ಇಡಿ. ಲೋಗೋ ಮುಗಿದಾಗ 45 ಪಾಲಿನ ಕೆಲಸ ಆಗಿದೆ, ಡಿಸೈನರ್ ಕೈಗೆ 30 ಬಂದಿದೆ. ಅವರು 15 ಪಾಲು ನಂಬಿ ಮಾಡಿದ್ದಾರೆ. ಎರಡನೇ ಕಂತು ಬಂದ ಮೇಲೆ ಅವರ ಕೈಯಲ್ಲಿ 55, ಈಗ ನೀವು 10 ಪಾಲು ನಂಬಿ ಕೊಟ್ಟಿದ್ದೀರಿ. ಲೇಬಲ್ ಮುಗಿದಾಗ 75ರ ಕೆಲಸ, 55 ಹಣ. ಕಂತು ಕೊಟ್ಟ ಮೇಲೆ 80. ಕೊನೆಯಲ್ಲಿ 100ರ ಕೆಲಸ, 80 ಹಣ. ಮೊದಲ ಕಂತನ್ನು ಬಿಟ್ಟರೆ ಯಾರ ಹೊರೆಯೂ ಯಾವ ಹಂತದಲ್ಲೂ 20 ದಾಟುವುದಿಲ್ಲ. ನಿಮ್ಮದೇ ಅಂಕಿ ಹಾಕಿ ಈ ಲೆಕ್ಕ ಮಾಡಿ. ಒಂದು ಕಡೆ 40 ಅಥವಾ 50 ಬಂದರೆ ಒಂದು ಕಂತು ಸೇರಿಸಿ.

ಕಂತನ್ನು ಯಾವುದಕ್ಕೆ ಕಟ್ಟಬೇಕು ಅನ್ನುವುದು ಅಷ್ಟೇ ಮುಖ್ಯ. ಡಿಸೈನರ್ ಕೈಯಲ್ಲಿಲ್ಲದ ಘಟನೆಗೆ ಕಟ್ಟಬೇಡಿ. ‘ಮುದ್ರಣ ಆದ ಮೇಲೆ’, ‘ಮಾರಾಟ ಶುರುವಾದ ಮೇಲೆ’ ಅಂದರೆ ನಿಮ್ಮ ಪರವಾನಗಿ ತಡವಾದದ್ದಕ್ಕೆ ಅವರು ಕಾಯಬೇಕಾಗುತ್ತದೆ. ಬಿಲ್ ಬಂದ ಎಷ್ಟು ದಿನದಲ್ಲಿ ಹಣ ಅಂತಲೂ ಹಾಕಿ. 7 ದಿನ ಅಂತ ಇದ್ದರೆ ಯಾರೂ ಯಾರಿಗೂ ಪದೇ ಪದೇ ನೆನಪಿಸಬೇಕಿಲ್ಲ.

### ನಾವೇ ಉತ್ತರ ಕೊಡಲು ತಡ ಮಾಡಿದರೆ?

‘5 ಕೆಲಸದ ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದಂತೆ’ ಅನ್ನುವ ಷರತ್ತನ್ನು ಕೆಲವರು ಹಾಕುತ್ತಾರೆ. ಬ್ರ್ಯಾಂಡ್ ಕೆಲಸಕ್ಕೆ ಅದು ನನಗೆ ಸರಿ ಕಾಣುವುದಿಲ್ಲ. ಮೌನವನ್ನೇ ಒಪ್ಪಿಗೆ ಅಂತ ಹಿಡಿದು ಮುಂದೆ ಹೋದರೆ ಒಪ್ಪಿಗೆಯಿಲ್ಲದ ಲೋಗೋ ಮೇಲೆ ಲೇಬಲ್ ಕಟ್ಟಿದಂತಾಗುತ್ತದೆ. 5 ದಿನದ ನಂತರ ಕೆಲಸ ನಿಲ್ಲಲಿ, ತಡವಾದಷ್ಟು ದಿನ ಕೊನೆಯ ದಿನಾಂಕವೂ ಮುಂದೆ ಹೋಗಲಿ. 30 ದಿನ ದಾಟಿದರೆ ಅಲ್ಲಿವರೆಗಿನ ಕೆಲಸದ ಹಣ ಬಾಕಿ ಅಂತ ಲೆಕ್ಕ, ಮತ್ತೆ ಶುರು ಮಾಡುವುದು ಡಿಸೈನರ್ ಬಿಡುವಿನ ಮೇಲೆ.

### ಅರ್ಧದಲ್ಲಿ ಕೆಲಸ ನಿಲ್ಲಿಸಬೇಕಾದರೆ?

ಬಿಡಿ ಬೆಲೆ ಇದ್ದರೆ ಇದು ಜಗಳವಿಲ್ಲದೆ ಮುಗಿಯುತ್ತದೆ. ಮೂಲ ಲೇಬಲ್ ತೋರಿಸಿದ ಮೇಲೆ ಸೋಪಿನ ಪಾಲುದಾರರು ನಿಲ್ಲಿಸಿದರು ಅನ್ನಿ. ಆಗಿರುವ ಕೆಲಸ 45 ಮತ್ತು 18, ಅಂದರೆ 63. ಕೊಟ್ಟಿರುವುದು 55. ಇನ್ನು 8 ಕೊಟ್ಟರೆ ಲೆಕ್ಕ ಚುಕ್ತ. ಮೊದಲ ಕಂತು ವಾಪಸ್ ಬರುವುದಿಲ್ಲ ಅನ್ನುವುದು ಸಾಮಾನ್ಯ ಷರತ್ತು. ನಿಮಗಾಗಿ ದಿನ ಕಾದಿಟ್ಟು ಅವರು ಬೇರೆ ಕೆಲಸ ಬಿಟ್ಟಿರುತ್ತಾರೆ. ನಿಲ್ಲಿಸಿದಾಗ ಯಾವ ಫೈಲ್ ನಿಮಗೆ ಸೇರುತ್ತದೆ ಅಂತಲೂ ಬರೆದಿಡಿ. ಹಣ ಕೊಟ್ಟ ಹಂತದ ಫೈಲ್ ನಿಮ್ಮದು, ಆರಿಸದ ಕಾನ್ಸೆಪ್ಟ್ ಅವರದು.

### ಹಣ ಕೊಟ್ಟ ಮೇಲೆ ಲೋಗೋದ ಹಕ್ಕು ತಾನಾಗಿ ನಮ್ಮದಾಗುವುದಿಲ್ಲವೇ?

ಹಲವು ದೇಶಗಳಲ್ಲಿ ಆಗುವುದಿಲ್ಲ. ಫ್ರೀಲಾನ್ಸರ್ ಮಾಡಿದ ಕೆಲಸದ ಕಾಪಿರೈಟ್, ಬರವಣಿಗೆಯಲ್ಲಿ ವರ್ಗಾಯಿಸದಿದ್ದರೆ, ಮಾಡಿದವರಲ್ಲೇ ಉಳಿಯುತ್ತದೆ. ಹಾಗಾಗಿ ‘ಕೊನೆಯ ಕಂತು ಸಂದಾಯವಾದ ದಿನ ಒಪ್ಪಿದ ಲೋಗೋ ಮತ್ತು ಲೇಬಲ್‌ಗಳ ಕಾಪಿರೈಟ್ ಎಲ್ಲ ದೇಶಗಳಿಗೆ, ಕಾಪಿರೈಟ್ ಇರುವಷ್ಟು ಕಾಲಕ್ಕೆ ನಮಗೆ ವರ್ಗಾವಣೆಯಾಗುತ್ತದೆ’ ಅಂತ ಬರೆದು ಇಬ್ಬರೂ ಸಹಿ ಮಾಡಿ. ದೇಶ ಮತ್ತು ಕಾಲ ಎರಡನ್ನೂ ಹೆಸರಿಸಿ. ಡಿಸೈನರ್ ತಮ್ಮ ಪೋರ್ಟ್‌ಫೋಲಿಯೋದಲ್ಲಿ ಈ ಕೆಲಸ ತೋರಿಸಬಹುದೇ, ಯಾವಾಗಿನಿಂದ ಅನ್ನುವುದನ್ನೂ ಸೇರಿಸಿ. ನೀವು ಮಾರಾಟ ಶುರು ಮಾಡಿದ ದಿನದಿಂದ ಅಂದರೆ ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ.

ಟ್ರೇಡ್‌ಮಾರ್ಕ್ ಬೇರೆ ವಿಷಯ. ನಿಮ್ಮ ಹೆಸರು ಅಥವಾ ಚಿಹ್ನೆ ಈಗಾಗಲೇ ಇನ್ನೊಬ್ಬರ ಹೆಸರಿನಲ್ಲಿ ನೋಂದಣಿಯಾಗಿದೆಯೇ ಅಂತ ನೋಡುವುದು ವಕೀಲರ ಕೆಲಸ. ಲೋಗೋ ಹದ ಮಾಡುವ ಹಂತಕ್ಕೆ ಹೋಗುವ ಮೊದಲೇ ಅದನ್ನು ಮಾಡಿಸಿ.

### ನಡುವೆ ಒಂದು ಹೊಸ ಕೆಲಸ ಸೇರಿದರೆ?

ನಾಲ್ಕನೇ ಬಗೆಯ ಸೋಪು ಬಂತು ಅನ್ನಿ. ಹೆಚ್ಚುವರಿ ಲೇಬಲ್‌ಗೆ 6 ಪಾಲು ಅಂತ ಮೊದಲೇ ಇದೆ. ಒಂದು ಚಿಕ್ಕ ಇಮೇಲ್ ಸಾಕು: ‘ಇನ್ನೊಂದು ಲೇಬಲ್ ಸೇರಿಸುತ್ತಿದ್ದೇವೆ. ಬೆಲೆ 6 ಪಾಲು, ಮೂರನೇ ಕಂತಿನ ಜೊತೆ. ಕೊನೆಯ ದಿನಾಂಕ 2 ದಿನ ಮುಂದೆ.’ ಅವರಿಂದ ‘ಸರಿ’ ಅಂತ ಬಂದ ಮೇಲೆ ಕೆಲಸ ಶುರು. ಫೋನ್‌ನಲ್ಲಿ ಮಾತಾಡಿದ್ದರೂ ಈ ಇಮೇಲ್ ಕಳಿಸಿ.

### ಎಲ್ಲ ಮುಗಿದ ಮೇಲೆ ಮುದ್ರಕರು ಬೇರೆ ಥರದ ಫೈಲ್ ಕೇಳಿದರೆ ಯಾರ ಹೊಣೆ?

ಫೈಲ್ ಕೊಟ್ಟ ನಂತರ 14 ದಿನ ಇಂಥ ಚಿಕ್ಕ ತಿದ್ದುಪಡಿಗೆ ಅಂತ ಮೊದಲೇ ಮಾತಾಡಿಕೊಳ್ಳಿ. ಬಣ್ಣದ ಮಾದರಿ ಬದಲಿಸಿ ಕೊಡುವುದು, ಅಕ್ಷರಗಳನ್ನು ಆಕಾರವಾಗಿ ಬದಲಿಸಿ ಮತ್ತೆ ಪಿಡಿಎಫ್ ಮಾಡುವುದು ಇವೆಲ್ಲ ಅದರೊಳಗೆ ಬರುತ್ತವೆ. ಹಾಗಾಗಿ ಫೈಲ್ ಸಿಕ್ಕ ದಿನವೇ ಮುದ್ರಕರಿಗೆ ಕಳಿಸಿ ‘ಇದು ನಡೆಯುತ್ತದಾ?’ ಅಂತ ಕೇಳಿ. ಮುದ್ರಕರನ್ನೇ ಬದಲಿಸಿದ್ದರಿಂದ ಲೇಬಲ್ ಅಳತೆ ಬದಲಾಯಿತು ಅಂದರೆ ಮಾತ್ರ ಅದು ಹೊಸ ಕೆಲಸ. ಅದಕ್ಕೆ ಮೇಲೆ ಹೇಳಿದಂಥದೇ ಒಂದು ಇಮೇಲ್ ಬರೆಯಿರಿ.